ವೆಬ್ ಪುಟ ನಿಮ್ಮ ಮನೆಗೆ ಬರುವ ದಾರಿ: ಪ್ಯಾಕೆಟ್‌ಗಳನ್ನು ನೀವೇ ಹಿಂಬಾಲಿಸಿ ನೋಡುವುದು ಹೇಗೆ

ನನಗೆ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಕಪ್ಪು ಕಿಟಕಿಯಲ್ಲಿ, ನೆಟ್ಟಿನ ದಾರಿ ತೋರಿಸುವ `tracert` ಕಮಾಂಡ್ ಕೊಟ್ಟ ಪಟ್ಟಿ. ನಡುವೆ ಮೂರು ನಕ್ಷತ್ರ. ಅದರ ಸುತ್ತ ಕೆಂಪು ಗೆರೆ. ಕೆಳಗೆ ಒಂದು ಪ್ರಶ್ನೆ: "ಇಲ್ಲೇ ತೊಂದರೆ ಇರೋದು, ಅಲ್ವಾ?" ಸಾಮಾನ್ಯವಾಗಿ ಅಲ್ಲಿ ತೊಂದರೆ ಇರುವುದಿಲ್ಲ. ಆ ಪಟ್ಟಿಯನ್ನು ಓದುವ ಮೊದಲು ಮಾಡಬೇಕಾದ ಮೂರು ಕೆಲಸ ಬಿಟ್ಟುಹೋಗಿರುತ್ತವೆ, ಅಷ್ಟೇ.

ಹಾಗಾಗಿ ಇಲ್ಲಿ ಒಂದೇ ಪುಟವನ್ನು ಹಿಡಿದು ಕೊನೆಯವರೆಗೂ ಹೋಗೋಣ. ಬೆಂಗಳೂರಿನ ಒಂದು ಮನೆಯ ಲ್ಯಾಪ್‌ಟಾಪ್‌ನಿಂದ ಕನ್ನಡ ವಿಕಿಪೀಡಿಯ, ಅಂದರೆ `kn.wikipedia.org` ತೆರೆಯುತ್ತೇವೆ. ಅದು ಯಾವ ವಿಳಾಸದಿಂದ, ಯಾವ ದಾರಿಯಲ್ಲಿ, ಎಷ್ಟು ತುಂಡುಗಳಾಗಿ ಬರುತ್ತದೆ ಎಂದು ನೋಡುತ್ತೇವೆ. ಆ ತುಂಡುಗಳಿಗೇ ಪ್ಯಾಕೆಟ್ ಎನ್ನುತ್ತಾರೆ. ಹಂತಗಳ ಕ್ರಮ ತಪ್ಪಿಸಬೇಡಿ. ಪ್ರತಿ ಹಂತದ ಉತ್ತರ ಮುಂದಿನ ಹಂತಕ್ಕೆ ಬೇಕಾಗುತ್ತದೆ.

## ಶುರು ಮಾಡುವ ಮೊದಲು

ವಿಂಡೋಸ್ ಲ್ಯಾಪ್‌ಟಾಪ್ ಸಾಕು. ಮೊದಲ ಐದು ಹಂತಕ್ಕೆ ಕಮಾಂಡ್ ಪ್ರಾಂಪ್ಟ್ ಬಿಟ್ಟು ಬೇರೇನೂ ಬೇಡ. ಆರನೆಯದಕ್ಕೆ ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಬೇಕು. ಲಿನಕ್ಸ್ ಅಥವಾ ಮ್ಯಾಕ್ ಇದ್ದವರಿಗೆ ಕಮಾಂಡ್ ಬೇರೆಯಾಗುವ ಮುಖ್ಯ ಕಡೆಗಳಲ್ಲಿ ಹೇಳುತ್ತೇನೆ.

ವಿಪಿಎನ್ ಇದ್ದರೆ ಆಫ್ ಮಾಡಿ. ಅದು ಚಾಲೂ ಇದ್ದರೆ ನಿಮಗೆ ಕಾಣುವುದು ವಿಪಿಎನ್ ಕಂಪನಿಯ ದಾರಿ, ನಿಮ್ಮದಲ್ಲ. ಲ್ಯಾನ್ ಕೇಬಲ್ ಇದ್ದರೆ ಅದನ್ನೇ ಹಾಕಿಕೊಳ್ಳಿ. ಇಲ್ಲದಿದ್ದರೆ ರೂಟರ್ ಇರುವ ಕೋಣೆಯಲ್ಲೇ ಕೂತುಕೊಳ್ಳಿ. ಎರಡು ಗೋಡೆ ದಾಟಿ ಬರುವ ವೈಫೈ ತನ್ನದೇ ತಡವನ್ನು ಎಲ್ಲ ಲೆಕ್ಕಕ್ಕೂ ಸೇರಿಸುತ್ತದೆ. ಆಮೇಲೆ ಮನೆಯ ತಪ್ಪಿಗೆ ಸಮುದ್ರದ ಕೇಬಲ್ಲನ್ನು ಬೈಯುವಂತಾಗುತ್ತದೆ.

## ಹಂತ 1: ನಿಮ್ಮ ಮನೆಯ ವಿಳಾಸ ನೋಡಿ

```
ipconfig
```

ಇದರಲ್ಲಿ ಎರಡು ಸಾಲು ಬರೆದಿಟ್ಟುಕೊಳ್ಳಿ. `IPv4 Address` ನಿಮ್ಮ ಲ್ಯಾಪ್‌ಟಾಪ್‌ನದು. `Default Gateway` ನಿಮ್ಮ ರೂಟರ್‌ನದು. ನಮ್ಮ ಉದಾಹರಣೆಯಲ್ಲಿ ಅವು `192.168.1.34` ಮತ್ತು `192.168.1.1`.

`192.168` ಎಂದು ಶುರುವಾಗುವ ವಿಳಾಸ ಮನೆಯೊಳಗೆ ಮಾತ್ರ ನಡೆಯುತ್ತದೆ. ಪಕ್ಕದ ಮನೆಯ ಲ್ಯಾಪ್‌ಟಾಪ್‌ಗೂ ಇದೇ ಸಂಖ್ಯೆ ಇರಬಹುದು. ಅಪಾರ್ಟ್‌ಮೆಂಟಿನ ಎಲ್ಲ ಮನೆಯಲ್ಲೂ "ಮಲಗುವ ಕೋಣೆ" ಇರುವಂತೆ. ಈ ವಿಳಾಸ ಹೊತ್ತ ಪ್ಯಾಕೆಟ್ ಹೊರಗೆ ಹೋದರೆ ಅದಕ್ಕೆ ಉತ್ತರ ವಾಪಸ್ ಬರಲಾರದು. ಅದಕ್ಕೆ ರೂಟರ್ ಏನು ಮಾಡುತ್ತದೆ ಎಂದು ಮೂರನೇ ಹಂತದಲ್ಲಿ ನೋಡೋಣ.

ಎಚ್ಚರಿಕೆಯ ಗುರುತು: ವಿಳಾಸ `169.254` ಎಂದು ಶುರುವಾಗಿದ್ದರೆ ಇಲ್ಲೇ ನಿಲ್ಲಿ. ಲ್ಯಾಪ್‌ಟಾಪ್ ವಿಳಾಸ ಕೇಳಿತು, ರೂಟರ್ ಕೊಡಲಿಲ್ಲ, ಕೊನೆಗೆ ಲ್ಯಾಪ್‌ಟಾಪ್ ತಾನೇ ಒಂದು ವಿಳಾಸ ಹಾಕಿಕೊಂಡಿದೆ ಎಂದು ಇದರ ಅರ್ಥ. ಮುಂದಿನ ಯಾವ ಹಂತವೂ ಕೆಲಸ ಮಾಡುವುದಿಲ್ಲ. ರೂಟರ್ ಆರಿಸಿ ಹಾಕಿ, ಕೇಬಲ್ ನೋಡಿ, ಮತ್ತೆ `ipconfig` ಕೊಡಿ.

## ಹಂತ 2: ಹೆಸರನ್ನು ಸಂಖ್ಯೆ ಮಾಡಿಕೊಳ್ಳಿ

ಪ್ಯಾಕೆಟ್ ಮೇಲೆ `kn.wikipedia.org` ಎಂದು ಬರೆಯುವ ಜಾಗವೇ ಇಲ್ಲ. ಅಲ್ಲಿ ಬರೆಯಲು ಬರುವುದು ಸಂಖ್ಯೆ ಮಾತ್ರ. ಹಾಗಾಗಿ ಬ್ರೌಸರ್ ಮೊದಲು ಡಿಎನ್‌ಎಸ್ ಎಂಬ ಸರ್ವರಿಗೆ ಹೆಸರನ್ನು ಕೊಟ್ಟು ಸಂಖ್ಯೆ ಕೇಳುತ್ತದೆ. ನೀವೂ ಕೇಳಿ:

```
nslookup kn.wikipedia.org
```

ಉತ್ತರದ ಮೊದಲ ಭಾಗದಲ್ಲಿ ಬರುವ `Server` ಮತ್ತು `Address` ನಿಮಗೆ ಉತ್ತರ ಕೊಟ್ಟವರದು. ಜಾಸ್ತಿ ಜನ ಎಡವುವುದು ಇಲ್ಲೇ. ಆ ವಿಳಾಸವನ್ನೇ ವಿಕಿಪೀಡಿಯದ್ದು ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ನಿಮಗೆ ಬೇಕಾದದ್ದು ಕೆಳಗಿನ ಭಾಗ. ನಮ್ಮ ಉದಾಹರಣೆಯಲ್ಲಿ ಅದು `103.102.166.224`. ಇದು ಸಿಂಗಪುರದಲ್ಲಿರುವ ವಿಕಿಮೀಡಿಯ ಡೇಟಾ ಸೆಂಟರಿನ ವಿಳಾಸ.

ವಿಕಿಪೀಡಿಯದ ಮುಖ್ಯ ಸರ್ವರ್‌ಗಳು ಅಮೆರಿಕದ ವರ್ಜೀನಿಯ ಮತ್ತು ಟೆಕ್ಸಸ್‌ನಲ್ಲಿವೆ. ಆದರೆ ಸಿಂಗಪುರ, ಆಮ್‌ಸ್ಟರ್‌ಡ್ಯಾಮ್, ಮಾರ್ಸೇಯಂಥ ಊರುಗಳಲ್ಲಿ ಪುಟಗಳ ಪ್ರತಿ ಇಟ್ಟುಕೊಂಡ ಸರ್ವರ್‌ಗಳೂ ಇವೆ. ಯಾವ ದಿಕ್ಕಿನಿಂದ ಪ್ರಶ್ನೆ ಬಂತು ಎಂದು ನೋಡಿ ಹತ್ತಿರದ ಸರ್ವರಿನ ವಿಳಾಸ ಕೊಡುತ್ತಾರೆ. ಹಾಗಾಗಿ ನೆದರ್‌ಲ್ಯಾಂಡ್ಸ್‌ನಲ್ಲಿರುವ ನಿಮ್ಮ ತಂಗಿಗೆ ಬೇರೆ ಸಂಖ್ಯೆ ಸಿಗುತ್ತದೆ. ಇಬ್ಬರದೂ ಸರಿಯೇ. ಅವಳ ಸಂಖ್ಯೆ ತಗೊಂಡು ನೀವು ದಾರಿ ಹುಡುಕಿದರೆ ಮಾತ್ರ ತಪ್ಪು ದಾರಿ ಸಿಗುತ್ತದೆ.

ಉತ್ತರದಲ್ಲಿ ನಡುನಡುವೆ `:` ಗುರುತು ಇರುವ ಉದ್ದನೆಯ ವಿಳಾಸವೂ ಬರಬಹುದು. ಅದು ಐಪಿವಿ6. ಇವತ್ತು ಲೆಕ್ಕ ಸರಳವಾಗಿರಲಿ ಎಂದು ನಾವು ಐಪಿವಿ4 ಮಾತ್ರ ಹಿಡಿಯುತ್ತೇವೆ. ಮುಂದಿನ ಕಮಾಂಡ್‌ಗಳಲ್ಲಿ `-4` ಇರುವುದು ಅದಕ್ಕೇ.

## ಹಂತ 3: ಪ್ಯಾಕೆಟ್ ಮನೆಯಿಂದ ಹೊರಡುವುದನ್ನು ನೋಡಿ

```
route print -4
```

ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ಈ ಎರಡು ಸಾಲು ಹುಡುಕಿ:

```
0.0.0.0          0.0.0.0          192.168.1.1
192.168.1.0      255.255.255.0    On-link
```

ಎರಡನೆಯ ಸಾಲು ಹೇಳುವುದು: `192.168.1` ಎಂದು ಶುರುವಾಗುವ ವಿಳಾಸವಾದರೆ ಅದು ಮನೆಯೊಳಗೇ ಇದೆ, ನೇರವಾಗಿ ಕೊಡು. ಮೊದಲ ಸಾಲು ಹೇಳುವುದು: ಬೇರೆ ಯಾವುದಕ್ಕೂ ಹೊಂದದಿದ್ದರೆ ರೂಟರಿಗೆ ಕೊಡು. `103.102.166.224` ಎರಡನೆಯದಕ್ಕೆ ಹೊಂದುವುದಿಲ್ಲ. ಹಾಗಾಗಿ ರೂಟರಿಗೆ ಹೋಗುತ್ತದೆ. ನಿಮ್ಮ ಲ್ಯಾಪ್‌ಟಾಪ್‌ಗೆ ಸಿಂಗಪುರ ಎಲ್ಲಿದೆ ಎಂದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಇಂಟರ್‌ನೆಟ್ಟಿನ ಪ್ರತಿ ರೂಟರೂ ಇದೇ ಕೆಲಸ ಮಾಡುತ್ತದೆ, ಪಟ್ಟಿ ಮಾತ್ರ ದೊಡ್ಡದು. ಅಂಚೆಯ ಪಿನ್ ಕೋಡ್ ನೆನಪಿಸಿಕೊಳ್ಳಿ. ದೆಹಲಿಯಲ್ಲಿ ಕಾಗದ ವಿಂಗಡಿಸುವವರಿಗೆ 577401 ಎಂದರೆ ಸಾಗರ ಎಂದು ಗೊತ್ತಿರಬೇಕಿಲ್ಲ. ಮೊದಲ ಎರಡು ಅಂಕಿ ನೋಡಿದರೆ ಕರ್ನಾಟಕದ ಚೀಲಕ್ಕೆ ಹಾಕಬಹುದು. ಹತ್ತಿರ ಬಂದಂತೆಲ್ಲ ಮುಂದಿನ ಅಂಕಿಗಳು ಬೇಕಾಗುತ್ತವೆ. ರೂಟರ್ ಕೂಡ ವಿಳಾಸದ ಮುಂಭಾಗವನ್ನು ತನ್ನ ಪಟ್ಟಿಯೊಂದಿಗೆ ಹೋಲಿಸುತ್ತದೆ. ಎರಡು ಮೂರು ಸಾಲು ಹೊಂದಿದರೆ ಅದರಲ್ಲಿ ಜಾಸ್ತಿ ಅಂಕಿ ಹೊಂದುವ ಸಾಲನ್ನು ಆರಿಸುತ್ತದೆ.

ಈಗ ಇನ್ನೊಂದು ಕಮಾಂಡ್:

```
arp -a
```

ಇಲ್ಲಿ `192.168.1.1` ಎದುರಿಗೆ `a4-` ಅಥವಾ ಅಂಥ ಏನೋ ಒಂದರಿಂದ ಶುರುವಾಗುವ ಆರು ಜೋಡಿ ಅಕ್ಷರ ಕಾಣುತ್ತದೆ. ಅದು ರೂಟರಿನ ಮ್ಯಾಕ್ ವಿಳಾಸ, ಅಂದರೆ ಆ ಯಂತ್ರದ್ದೇ ಗುರುತಿನ ಸಂಖ್ಯೆ. ಪ್ಯಾಕೆಟ್‌ಗೆ ಎರಡು ಲಕೋಟೆ ಇದೆ ಎಂದುಕೊಳ್ಳಿ. ಒಳಗಿನ ಲಕೋಟೆ ಮೇಲೆ ಸಿಂಗಪುರದ ಐಪಿ ವಿಳಾಸ. ಹೊರಗಿನದರ ಮೇಲೆ ಪಕ್ಕದ ನಿಲ್ದಾಣದ ಮ್ಯಾಕ್ ವಿಳಾಸ. ಪ್ರತಿ ರೂಟರೂ ಹೊರಗಿನ ಲಕೋಟೆಯನ್ನು ಹರಿದು ಮುಂದಿನವರ ಹೆಸರಿನ ಹೊಸದು ಹಾಕುತ್ತದೆ. ಒಳಗಿನ ಲಕೋಟೆಯ ಗುರಿ ಬದಲಾಗುವುದಿಲ್ಲ. "ವಿಕಿಪೀಡಿಯದ ಮ್ಯಾಕ್ ವಿಳಾಸ ಈ ಪಟ್ಟಿಯಲ್ಲಿ ಕಾಣ್ತಿಲ್ಲ" ಎಂದು ಕೆಲವರು ಹುಡುಕುತ್ತಾರೆ. ಅದು ಎಂದೂ ಇಲ್ಲಿ ಕಾಣುವುದಿಲ್ಲ.

ಒಳಗಿನ ಲಕೋಟೆಯ "ಇಂದ" ವಿಳಾಸ ಮಾತ್ರ ಮನೆಯ ರೂಟರಿನಲ್ಲಿ ಬದಲಾಗುತ್ತದೆ. `192.168.1.34` ಅಳಿಸಿ, ರೂಟರ್ ತನ್ನ ಹೊರಗಿನ ವಿಳಾಸ ಬರೆಯುತ್ತದೆ. ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ನೆಟ್ ಬಳಸುತ್ತಿದ್ದರೆ ಉತ್ತರ ಯಾರಿಗೆ ಕೊಡುವುದು? ಅದಕ್ಕೆ ಪೋರ್ಟ್ ಸಂಖ್ಯೆ ಇದೆ. ಈ ಪೋರ್ಟಿಗೆ ಬಂದದ್ದು ಈ ಲ್ಯಾಪ್‌ಟಾಪ್‌ಗೆ, ಆ ಪೋರ್ಟಿಗೆ ಬಂದದ್ದು ಅಮ್ಮನ ಫೋನಿಗೆ ಎಂದು ರೂಟರ್ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ.

## ಹಂತ 4: ದಾರಿಯನ್ನು ಬರೆದುಕೊಳ್ಳಿ, ಆಮೇಲೆ ಓದಿ

ಇದೇ ಎಲ್ಲರೂ ಮೊದಲು ಹಾರಿ ಬರುವ ಹಂತ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

```
tracert -d -4 kn.wikipedia.org
```

ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ `traceroute -n kn.wikipedia.org`. `-d` ಅಥವಾ `-n` ಇಲ್ಲದಿದ್ದರೆ ಪ್ರತಿ ವಿಳಾಸಕ್ಕೂ ಹೆಸರು ಹುಡುಕುತ್ತಾ ಸುಮ್ನೆ ಸಮಯ ಹಾಳಾಗುತ್ತದೆ.

ಈ ಕಮಾಂಡ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಇದರ ಪಟ್ಟಿ ಓದಲು ಬರುವುದಿಲ್ಲ. ಪ್ರತಿ ಪ್ಯಾಕೆಟ್ ಮೇಲೂ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ. ಪ್ರತಿ ರೂಟರ್ ಅದರಿಂದ 1 ಕಳೆಯುತ್ತದೆ. ಸೊನ್ನೆ ಆದರೆ ಆ ರೂಟರ್ ಪ್ಯಾಕೆಟ್ ಬಿಸಾಡಿ, "ನಿನ್ನ ಪ್ಯಾಕೆಟ್ ನನ್ನ ಹತ್ತಿರ ಸತ್ತಿತು" ಎಂದು ಕಳಿಸಿದವರಿಗೆ ಹೇಳುತ್ತದೆ. ದಾರಿ ತಪ್ಪಿದ ಪ್ಯಾಕೆಟ್‌ಗಳು ಕೊನೆಯಿಲ್ಲದೆ ಸುತ್ತಬಾರದು ಎಂದು ಮಾಡಿದ ವ್ಯವಸ್ಥೆ ಇದು. `tracert` ಇದನ್ನೇ ಬಳಸಿಕೊಳ್ಳುತ್ತದೆ. ಮೊದಲು ಟಿಟಿಎಲ್ 1 ಇಟ್ಟು ಮೂರು ಪ್ಯಾಕೆಟ್ ಕಳಿಸುತ್ತದೆ, ಮೊದಲ ರೂಟರ್ ಉತ್ತರಿಸುತ್ತದೆ. ಆಮೇಲೆ 2, ಆಮೇಲೆ 3, ಹೀಗೆ.

ನಮ್ಮ ಉದಾಹರಣೆಯ ಪಟ್ಟಿ ಇದು. ನಡುವಿನ ಕಂಪನಿಗಳ ವಿಳಾಸಗಳ ಜಾಗದಲ್ಲಿ ಬರವಣಿಗೆಗೆಂದೇ ಮೀಸಲಿಟ್ಟ ವಿಳಾಸಗಳನ್ನು ಹಾಕಿದ್ದೇನೆ:

```
1    2 ms    1 ms    2 ms   192.168.1.1
2    5 ms    4 ms    5 ms   100.72.0.1
3    *       *       *      Request timed out.
4    6 ms    6 ms    7 ms   203.0.113.9
5   12 ms   11 ms   12 ms   203.0.113.41
6   95 ms   48 ms  112 ms   203.0.113.77
7   45 ms   44 ms   45 ms   198.51.100.18
8   44 ms   45 ms   44 ms   103.102.166.224
```

ಮೇಲಿನಿಂದ ಕೆಳಕ್ಕೆ ಓದಬೇಡಿ. ಮೊದಲು ಕೊನೆಯ ಸಾಲು ನೋಡಿ. ಗುರಿ ಮುಟ್ಟಿದೆಯೇ? ಮುಟ್ಟಿದೆ. ಎಷ್ಟು ಸಮಯ? 44 ಮಿಲಿಸೆಕೆಂಡ್. ಹಾಗಿದ್ದರೆ ನಡುವೆ ಏನೇ ಕಂಡರೂ ಆ ದಾರಿ ನಡೆಯುತ್ತಿದೆ.

ಈಗ ಮೂರನೇ ಸಾಲಿನ ನಕ್ಷತ್ರಗಳು. ಆ ರೂಟರ್ ಪ್ಯಾಕೆಟ್ ಸಾಗಿಸುತ್ತಿದೆ, ಇಲ್ಲದಿದ್ದರೆ ನಾಲ್ಕನೆಯದು ಸಿಗುತ್ತಲೇ ಇರಲಿಲ್ಲ. ಅದು ಉತ್ತರ ಕೊಡುತ್ತಿಲ್ಲ ಅಷ್ಟೇ. ಉತ್ತರ ಕೊಡಬೇಡ ಎಂದು ಕಂಪನಿಯವರೇ ಹೇಳಿಟ್ಟಿರಬಹುದು. ಆರನೇ ಸಾಲಿನಲ್ಲಿ 95, 48, 112. ಇದನ್ನು ನೋಡಿ ಗಾಬರಿಯಾಗುವವರು ತುಂಬ. ಏಳನೆಯದು ಅದರ ಮೂಲಕವೇ ಹೋಗಿ 45ಕ್ಕೆ ವಾಪಸ್ ಬಂದಿದೆ ನೋಡಿ. ದೊಡ್ಡ ರೂಟರ್‌ಗಳಲ್ಲಿ ಪ್ಯಾಕೆಟ್ ಸಾಗಿಸಲು ಬೇರೆ ಚಿಪ್ ಇರುತ್ತದೆ. ನಿಮಗೆ ಉತ್ತರ ಬರೆಯುವ ಕೆಲಸ ಅದರ ಪ್ರೊಸೆಸರಿನದು, ಅದೂ ಬಿಡುವಾದಾಗ. ಆ ತಡ ಉತ್ತರದ್ದು, ಸಾಗಾಟದ್ದಲ್ಲ.

ಎರಡನೇ ಸಾಲಿನ `100.72.0.1` ನೋಡಿ. `100.64` ರಿಂದ `100.127` ರವರೆಗಿನ ವಿಳಾಸ ಕಂಡರೆ ನಿಮಗೆ ನೆಟ್ ಕೊಡುವ ಕಂಪನಿ ಒಂದೇ ಹೊರಗಿನ ವಿಳಾಸವನ್ನು ಹಲವು ಮನೆಗೆ ಹಂಚುತ್ತಿದೆ ಎಂದು ಲೆಕ್ಕ. ಪುಟ ನೋಡಲು ಇದರಿಂದ ತೊಂದರೆ ಇಲ್ಲ. ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ನೋಡಲು ಹೋದಾಗ ಮಾತ್ರ ಗೊತ್ತಾಗುತ್ತದೆ.

ಇನ್ನು ಐದನೆಯ ಮತ್ತು ಏಳನೆಯ ಸಾಲಿನ ನಡುವಿನ ಜಿಗಿತ. 12 ರಿಂದ 44. ಇಲ್ಲಿ ಏನಾಯಿತು ಎಂದು ಲೆಕ್ಕ ಹಾಕಿಯೇ ಹೇಳಬಹುದು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿ.ಮೀ. ಓಡುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ 200 ಕಿ.ಮೀ. ಚೆನ್ನೈನಿಂದ ಸಿಂಗಪುರಕ್ಕೆ ಕಡಲ ತಳದಲ್ಲಿ ಹಾಸಿದ ಕೇಬಲ್ ಸುಮಾರು 3,200 ಕಿ.ಮೀ. ಹೋಗಲು 16, ಬರಲು 16, ಒಟ್ಟು 32 ಮಿಲಿಸೆಕೆಂಡ್. 12ಕ್ಕೆ 32 ಸೇರಿಸಿ. 44! ಈ ಲೆಕ್ಕ ಮೊದಲ ಸಲ ಹೊಂದಿದಾಗ ನಾನು ಬಹಳ ಹೊತ್ತು ಆ ಸಾಲನ್ನೇ ನೋಡುತ್ತಾ ಕೂತಿದ್ದೆ. ಬಂಗಾಳ ಕೊಲ್ಲಿ ಆ ಎರಡು ಸಾಲಿನ ನಡುವೆ ಇದೆ.

ಇದರಿಂದ ಒಂದು ಉಪಯೋಗವೂ ಇದೆ. ಸಿಂಗಪುರದ ವಿಳಾಸಕ್ಕೆ 44 ಬದಲು 200 ಬಂದರೆ ಪ್ಯಾಕೆಟ್‌ಗಳು ಬೇರೆ ಯಾವುದೋ ಖಂಡ ಸುತ್ತಿ ಹೋಗುತ್ತಿರಬಹುದು. ಕೇಬಲ್ ತುಂಡಾದಾಗ ಹೀಗಾಗುತ್ತದೆ. 5 ಮಿಲಿಸೆಕೆಂಡ್ ಬಂದರೆ ನೀವು ಮುಟ್ಟಿದ್ದು ಸಿಂಗಪುರವನ್ನು ಅಲ್ಲವೇ ಅಲ್ಲ. ಬೆಳಕಿಗಿಂತ ವೇಗವಾಗಿ ಯಾರೂ ಹೋಗಲಾರರು.

ನಿಜವಾದ ತೊಂದರೆಯ ಗುರುತುಗಳು ಎರಡು. ಒಂದು, ಯಾವುದೋ ಸಾಲಿನಿಂದ ಶುರುವಾದ, ದೂರದ ಲೆಕ್ಕಕ್ಕೆ ಹೊಂದದ ತಡ ಅಥವಾ ನಕ್ಷತ್ರ ಕೊನೆಯ ಸಾಲಿನವರೆಗೂ ಬಿಡದೆ ಮುಂದುವರಿಯುವುದು. ಆಗಲೂ ಪುಟ ತೆರೆಯುತ್ತಿದ್ದರೆ ಸುಮ್ಮನಿರಿ. `tracert` ಪ್ಯಾಕೆಟ್‌ಗೆ ಉತ್ತರವನ್ನೇ ಕೊಡದ ಸರ್ವರ್‌ಗಳು ಎಷ್ಟೋ ಇವೆ. ಎರಡು, ಅದೇ ಎರಡು ವಿಳಾಸ ಒಂದಾದ ಮೇಲೊಂದು 30ನೇ ಸಾಲಿನವರೆಗೂ ಬರುವುದು. ಎರಡು ರೂಟರ್‌ಗಳು "ನಿನ್ನ ಕಡೆ ಇದೆ", "ಇಲ್ಲ, ನಿನ್ನ ಕಡೆ" ಎಂದು ಪ್ಯಾಕೆಟ್ಟನ್ನು ಒಬ್ಬರಿಗೊಬ್ಬರು ದಾಟಿಸುತ್ತಿವೆ. ಅದನ್ನು ನೀವು ಮನೆಯಿಂದ ಸರಿ ಮಾಡಲಾರಿರಿ. ಪಟ್ಟಿಯನ್ನು ಹಾಗೇ ಕಂಪನಿಗೆ ಕಳಿಸಿ.

ಇನ್ನೊಂದು ಮಾತು. ಈ ಪಟ್ಟಿ ಹೋಗುವ ದಾರಿಯದು ಮಾತ್ರ. ಬರುವ ದಾರಿ ಬೇರೆ ಇರಬಹುದು, ಅನೇಕ ಸಲ ಬೇರೆಯೇ ಇರುತ್ತದೆ. ಪ್ರತಿ ಕಂಪನಿಯೂ ತನಗೆ ಅಗ್ಗವಾದ ದಾರಿ ಆರಿಸಿಕೊಳ್ಳುತ್ತದೆ.

## ಹಂತ 5: ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂದು ಅಳೆಯಿರಿ

ದಾರಿಯಲ್ಲಿ ಸಾಗುವ ಪ್ಯಾಕೆಟ್‌ಗೆ ಒಂದು ಗರಿಷ್ಠ ಅಳತೆ ಇದೆ, ಅದಕ್ಕೆ ಎಂಟಿಯು (`MTU`) ಎನ್ನುತ್ತಾರೆ. ಸಾಮಾನ್ಯವಾಗಿ 1500 ಬೈಟ್. ಅದರಲ್ಲಿ ವಿಳಾಸ ಮತ್ತು ಟಿಟಿಎಲ್ ಇರುವ ಐಪಿ ಭಾಗಕ್ಕೆ 20 ಬೈಟ್. ಪೋರ್ಟ್ ಮತ್ತು ಕ್ರಮಸಂಖ್ಯೆ ಇರುವ ಟಿಸಿಪಿ ಭಾಗಕ್ಕೆ ಕನಿಷ್ಠ 20. ಉಳಿಯುವುದು 1460, ಇದಕ್ಕೆ `MSS` ಎನ್ನುತ್ತಾರೆ.

ಕನ್ನಡದಲ್ಲಿ ಇದೆಷ್ಟು? ಯೂನಿಕೋಡ್ ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು. "ಕನ್ನಡ" ಎಂಬ ಪದ ಕ, ನ, ಅರ್ಧಾಕ್ಷರದ ಗುರುತು, ಇನ್ನೊಂದು ನ, ಡ ಎಂದು ಐದು ಸಂಕೇತ. ಅಂದರೆ 15 ಬೈಟ್. 1460 ಬೈಟಿನಲ್ಲಿ 486 ಸಂಕೇತ ಹಿಡಿದು 2 ಬೈಟ್ ಉಳಿಯುತ್ತದೆ. 487ನೆಯದರ ಎರಡು ಭಾಗ ಈ ಪ್ಯಾಕೆಟ್ಟಿನಲ್ಲಿ, ಮೂರನೆಯ ಭಾಗ ಮುಂದಿನದರಲ್ಲಿ. ಪ್ಯಾಕೆಟ್ಟಿಗೆ ಅಕ್ಷರ, ಪದ, ಸಾಲು ಯಾವುದೂ ಗೊತ್ತಿಲ್ಲ. ಅದು ಬೈಟ್ ಎಣಿಸಿ ಕತ್ತರಿಸುತ್ತದೆ. ನಿಜದಲ್ಲಿ ಪುಟವನ್ನು ಮೊದಲು ಒತ್ತಿ ಚಿಕ್ಕದು ಮಾಡಿ, ಬೇರೆಯವರು ಓದದಂತೆ ಬೀಗ ಹಾಕಿ, ಆಮೇಲೆ ಕತ್ತರಿಸುತ್ತಾರೆ. ಹಾಗಾಗಿ ತುಂಡಿನಲ್ಲಿ ಕನ್ನಡ ಕಣ್ಣಿಗೆ ಕಾಣುವುದಿಲ್ಲ.

ನಿಮ್ಮ ದಾರಿಯ ಅಳತೆ ನೋಡಲು:

```
ping -4 -f -l 1472 kn.wikipedia.org
```

ಲಿನಕ್ಸ್‌ನಲ್ಲಿ `ping -4 -M do -s 1472 kn.wikipedia.org`. 1472ಕ್ಕೆ 28 ಬೈಟ್ ತಲೆಪಟ್ಟಿ ಸೇರಿದರೆ 1500. `-f` ಎಂದರೆ "ದಾರಿಯಲ್ಲಿ ಕತ್ತರಿಸಬೇಡ". ಉತ್ತರ ಬಂದರೆ 1500 ಸಲೀಸಾಗಿ ಹೋಗುತ್ತದೆ. `Packet needs to be fragmented but DF set.` ಎಂದು ಬಂದರೆ ಅಥವಾ ಏನೂ ಬರದಿದ್ದರೆ 1464 ಕೊಟ್ಟು ನೋಡಿ. ಅದು ಹೋದರೆ ನಿಮ್ಮ ಅಳತೆ 1492. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಡಯಲ್ ಮಾಡುವ ಪಿಪಿಪಿಒಇ ಸಂಪರ್ಕಗಳಲ್ಲಿ ಹೀಗಿರುತ್ತದೆ. ಆ ವ್ಯವಸ್ಥೆ ತನ್ನ ಗುರುತಿಗೆ 8 ಬೈಟ್ ತಗೊಳ್ಳುತ್ತದೆ.

ಎಂಟು ಬೈಟ್ ತಾನೆ ಎಂದು ಬಿಡಬೇಡಿ. ಸಾಗರದಿಂದ ನನ್ನ ಚಿಕ್ಕಮ್ಮ ಫೋನ್ ಮಾಡಿದ್ದರು. "ವಾಟ್ಸಾಪಲ್ಲಿ ಮೆಸೇಜ್ ಬರ್ತದೆ ಕಣೋ. ಬ್ಯಾಂಕಿಂದು ಮಾತ್ರ ಓಪನ್ನೇ ಆಗೂದಿಲ್ಲ. ಬಿಳಿ ಪುಟ, ಸುಮ್ನೆ ಸುತ್ತುತ್ತಾ ಇರ್ತದೆ." ಹಿಂದಿನ ವಾರ ಸಿಡಿಲಿಗೆ ರೂಟರ್ ಸುಟ್ಟು ಹೊಸದು ಹಾಕಿಸಿದ್ದರು. ಪಿಂಗ್ ಸರಿ ಇತ್ತು. `tracert` ಸರಿ ಇತ್ತು. ಸ್ಪೀಡ್ ಟೆಸ್ಟ್ ಕೂಡ. ಕಂಪನಿಯವರು "ನಮ್ಮ ಕಡೆ ಎಲ್ಲ ಸರಿ ಇದೆ" ಎಂದು ಎರಡು ಸಲ ದೂರು ಮುಚ್ಚಿದ್ದರು. 1472 ಹೋಗಲಿಲ್ಲ, 1464 ಹೋಯಿತು. ಹೊಸ ರೂಟರಿನಲ್ಲಿ ಅಳತೆ 1500 ಎಂದೇ ಇತ್ತು.

ಆಗಿದ್ದು ಹೀಗೆ. ಸಂಪರ್ಕ ಶುರು ಮಾಡುವ ಪರಿಚಯದ ಪ್ಯಾಕೆಟ್‌ಗಳು ಚಿಕ್ಕವು, ದಾಟಿದವು. ಆಮೇಲೆ ಬ್ಯಾಂಕಿನ ಸರ್ವರ್ ತನ್ನ ಗುರುತು ತೋರಿಸುವ ಪ್ರಮಾಣಪತ್ರ ಕಳಿಸಿತು. ಅದು ದೊಡ್ಡದು, ತುಂಬಿದ 1500 ಬೈಟಿನ ಪ್ಯಾಕೆಟ್‌ಗಳಾಗಿ ಹೊರಟಿತು. ಕೊನೆಯ ಕೊಂಡಿಯಲ್ಲಿ ಹಿಡಿಸಲಿಲ್ಲ. "ಇದು ದೊಡ್ಡದಾಯಿತು, ಚಿಕ್ಕದು ಕಳಿಸು" ಎಂಬ ಸಂದೇಶ ಸರ್ವರಿಗೆ ವಾಪಸ್ ಹೋಗಬೇಕಿತ್ತು, ಅದನ್ನು ನಡುವೆ ಯಾರೋ ತಡೆದಿದ್ದರು. ಸರ್ವರ್ ಪಾಪ ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಲೇ ಇತ್ತು. ಉತ್ತರ ಸಿಗದಾಗ ತಾವಾಗಿ ಚಿಕ್ಕದು ಮಾಡಿ ಕಳಿಸುವ ಸರ್ವರ್‌ಗಳೂ ಇವೆ. ಅದಕ್ಕೇ ಕೆಲವು ಸೈಟ್ ತೆರೆದು ಕೆಲವು ತೆರೆಯುವುದಿಲ್ಲ.

ರೂಟರಿನ ಸೆಟ್ಟಿಂಗ್ ಪುಟದಲ್ಲಿ `WAN` ಅಡಿಯಲ್ಲಿ `MTU` 1492 ಹಾಕಿಸಿದೆ. `MSS` ಎಂಬ ಜಾಗವೂ ಇದ್ದರೆ ಅಲ್ಲಿ 1452 ಹಾಕಬೇಕು. ಉಳಿಸಿ, ರೂಟರ್ ಆರಿಸಿ ಹಾಕಿದ ಮೇಲೆ ಬ್ಯಾಂಕಿನ ಪುಟ ತೆರೆಯಿತು.

## ಹಂತ 6: ಪ್ಯಾಕೆಟ್‌ಗಳನ್ನೇ ಕಣ್ಣಾರೆ ನೋಡಿ

ವೈರ್‌ಶಾರ್ಕ್ ತೆರೆಯಿರಿ. ನಿಮ್ಮದೇ ಮನೆಯ ನೆಟ್‌ವರ್ಕಿನಲ್ಲಿ ಮಾತ್ರ. ಆಫೀಸಿನಲ್ಲಿ ಅನುಮತಿ ಇಲ್ಲದೆ ಇದನ್ನು ಓಡಿಸಬೇಡಿ.

ಬ್ರೌಸರನ್ನು ಪೂರ್ತಿ ಮುಚ್ಚಿ. ಟ್ಯಾಬ್ ಮುಚ್ಚಿದರೆ ಸಾಲದು, ಹಳೆಯ ಸಂಪರ್ಕ ಹಾಗೇ ತೆರೆದಿರುತ್ತದೆ, ಶುರುವಿನ ಪ್ಯಾಕೆಟ್‌ಗಳು ಸಿಗುವುದೇ ಇಲ್ಲ. `ipconfig /flushdns` ಕೊಡಿ. ವೈರ್‌ಶಾರ್ಕ್‌ನಲ್ಲಿ ವೈಫೈ ಅಥವಾ ಈಥರ್ನೆಟ್ ಆರಿಸಿ ಶುರು ಮಾಡಿ. ಈಗ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಪುಟ ತೆರೆಯಿರಿ. ಬಂದ ಮೇಲೆ ನಿಲ್ಲಿಸಿ, ಮೇಲಿನ ಪಟ್ಟಿಯಲ್ಲಿ ಹೀಗೆ ಬರೆಯಿರಿ:

```
tcp && ip.addr == 103.102.166.224
```

ಏನೂ ಕಾಣದಿದ್ದರೆ ಬ್ರೌಸರ್ ಐಪಿವಿ6ರಲ್ಲಿ ಹೋಗಿರುತ್ತದೆ. ನೆಟ್‌ವರ್ಕ್ ಅಡಾಪ್ಟರಿನಲ್ಲಿ ಅದನ್ನು ಸ್ವಲ್ಪ ಹೊತ್ತು ಆಫ್ ಮಾಡಿ, ಈ ಹಂತವನ್ನು ಮತ್ತೆ ಮಾಡಿ.

ಮೊದಲ ಮೂರು ಸಾಲು `[SYN]`, `[SYN, ACK]`, `[ACK]`. "ಇದ್ದೀಯಾ?" "ಇದ್ದೀನಿ, ನೀನು?" "ಇದ್ದೀನಿ." ಮೊದಲ ಸಾಲಿನಲ್ಲೇ `MSS=1460` ಎಂದು ಕಾಣುತ್ತದೆ. ಹಿಂದಿನ ಹಂತದ ಲೆಕ್ಕ ಇದೇ. ಆಮೇಲೆ `Client Hello`, ಬೀಗದ ಮಾತುಕತೆ. ಅದಾದ ಮೇಲೆ ಸಿಂಗಪುರದಿಂದ ಸಾಲು ಸಾಲಾಗಿ ಪುಟದ ತುಂಡುಗಳು.

ಒಂದು ತುಂಡಿನ ಮೇಲೆ ಕ್ಲಿಕ್ ಮಾಡಿ, ಕೆಳಗೆ `Sequence Number` ನೋಡಿ. ಇದು "ನಾನು ಎಷ್ಟನೇ ಬೈಟಿನಿಂದ ಶುರು" ಎಂಬ ಸಂಖ್ಯೆ. ನಿಮ್ಮ ಲ್ಯಾಪ್‌ಟಾಪ್ ವಾಪಸ್ ಕಳಿಸುವ `Ack` ಎಂದರೆ "ಇಲ್ಲಿಯವರೆಗೆ ಬಂತು, ಮುಂದಿನದು ಇದರಿಂದ ಕಳಿಸು". ತುಂಡುಗಳು ಹಿಂದೆಮುಂದಾಗಿ ಬಂದರೂ ಈ ಸಂಖ್ಯೆ ನೋಡಿ ಜೋಡಿಸಬಹುದು. ನಡುವೆ ಒಂದು ಕಳೆದುಹೋದರೆ ಲ್ಯಾಪ್‌ಟಾಪ್ ಅದೇ `Ack` ಅನ್ನು ಮತ್ತೆ ಮತ್ತೆ ಕಳಿಸುತ್ತದೆ. ಅದು ಮೂರು ಸಲ ಮರುಕಳಿಸಿದರೆ ಸಿಂಗಪುರಕ್ಕೆ ಅರ್ಥವಾಗುತ್ತದೆ, ಆ ತುಂಡನ್ನು ಮತ್ತೆ ಕಳಿಸುತ್ತದೆ. ವೈರ್‌ಶಾರ್ಕ್ ಇವನ್ನು `TCP Dup ACK` ಮತ್ತು `TCP Retransmission` ಎಂದು ಕಪ್ಪು ಪಟ್ಟಿಯಲ್ಲಿ ಕೆಂಪು ಅಕ್ಷರದಲ್ಲಿ ತೋರಿಸುತ್ತದೆ.

ನೂರಾರು ಸಾಲಿನಲ್ಲಿ ಒಂದೋ ಎರಡೋ ಕಪ್ಪು ಪಟ್ಟಿ ಇದ್ದರೆ ಸಹಜ. ಪುಟಕ್ಕೆ ಪುಟವೇ ಕಪ್ಪಾಗಿದ್ದರೆ ಪ್ಯಾಕೆಟ್ ಕಳೆದುಹೋಗುತ್ತಿವೆ. ಆಗ ಮೊದಲು ಲ್ಯಾನ್ ಕೇಬಲ್ ಹಾಕಿ ಮತ್ತೊಮ್ಮೆ ನೋಡಿ. ಕಪ್ಪು ಹೋಯಿತೇ? ತೊಂದರೆ ನಿಮ್ಮ ವೈಫೈನದು.

ಇಲ್ಲಿ ಎಲ್ಲರನ್ನೂ ಗೊಂದಲಕ್ಕೆ ಹಾಕುವ ಒಂದು ವಿಷಯವಿದೆ. `Length` ಕಾಲಮ್ಮಿನಲ್ಲಿ 2974, 4434 ಎಂಬ ಸಂಖ್ಯೆಗಳು ಕಾಣಬಹುದು. 1500 ಗರಿಷ್ಠ ಎಂದೆ, ಇದು ಹೇಗೆ? ನೆಟ್‌ವರ್ಕ್ ಕಾರ್ಡು ಬಂದ ಎರಡು ಮೂರು ಪ್ಯಾಕೆಟ್ಟನ್ನು ಜೋಡಿಸಿ ಒಟ್ಟಿಗೆ ಮೇಲೆ ಕೊಡುತ್ತದೆ, ವೈರ್‌ಶಾರ್ಕ್ ನೋಡುವುದು ಜೋಡಿಸಿದ ಮೇಲೆ. ತಂತಿಯ ಮೇಲೆ ಅವು ಬೇರೆ ಬೇರೆಯಾಗಿಯೇ ಬಂದಿವೆ. ಜೋಡಿಸದ ಪೂರ್ತಿ ಪ್ಯಾಕೆಟ್ 1514 ಎಂದು ಕಾಣುತ್ತದೆ. 1500ಕ್ಕೆ ಹೊರಗಿನ ಲಕೋಟೆಯ 14 ಸೇರಿದೆ.

## ಹಂತ 7: ಸುತ್ತುಗಳನ್ನು ಎಣಿಸಿ

ಪುಟವನ್ನು ಒತ್ತಿ ಚಿಕ್ಕದು ಮಾಡಿದ ಮೇಲೆ 60,000 ಬೈಟ್ ಇದೆ ಎಂದುಕೊಳ್ಳಿ. 1460ರಿಂದ ಭಾಗಿಸಿದರೆ 42 ಪ್ಯಾಕೆಟ್. ಸರ್ವರ್ 42ನ್ನೂ ಒಟ್ಟಿಗೆ ಕಳಿಸುವುದಿಲ್ಲ. ದಾರಿಯಲ್ಲಿ ಎಷ್ಟು ಹಿಡಿಸುತ್ತದೋ ಅದಕ್ಕೆ ಗೊತ್ತಿಲ್ಲ. ಸಾಮಾನ್ಯವಾಗಿ ಮೊದಲು 10 ಕಳಿಸಿ ಕಾಯುತ್ತದೆ. "ಬಂತು" ಎಂಬ ಉತ್ತರ ಸಿಕ್ಕರೆ 20, ಆಮೇಲೆ 40. ನಮ್ಮ ಪುಟಕ್ಕೆ 10, 20, 12. ಮೂರು ಸುತ್ತು. ಪರಿಚಯಕ್ಕೆ ಒಂದು, ಬೀಗದ ಮಾತುಕತೆ ಹೊಸ ಟಿಎಲ್‌ಎಸ್ 1.3 ಆದರೆ ಇನ್ನೊಂದು. ಒಟ್ಟು ಐದು.

ಸಿಂಗಪುರಕ್ಕೆ ಒಂದು ಸುತ್ತಿಗೆ 44 ಮಿಲಿಸೆಕೆಂಡ್. ಐದಕ್ಕೆ 220. ಇದೇ ಪುಟ 220 ಮಿಲಿಸೆಕೆಂಡ್ ದೂರದ ಅಮೆರಿಕದ ಸರ್ವರಿನಿಂದ ಬಂದಿದ್ದರೆ 1,100. ಒಂದು ಸೆಕೆಂಡಿಗೂ ಜಾಸ್ತಿ. ಈ ಲೆಕ್ಕದಲ್ಲಿ ನಿಮ್ಮ ಪ್ಲಾನ್ 40 ಎಂಬಿಪಿಎಸ್ಸೋ 300 ಎಂಬಿಪಿಎಸ್ಸೋ ಎಂಬುದು ಎಲ್ಲೂ ಬರಲೇ ಇಲ್ಲ ನೋಡಿ. ಚಿಕ್ಕ ಪುಟಕ್ಕೆ ದೂರವೇ ಮುಖ್ಯ. ಪ್ಲಾನ್ ದೊಡ್ಡದು ಮಾಡಿಸಿಯೂ ಪುಟ ನಿಧಾನ ಎಂದು ಬೇಸರಪಡುವವರು ಮೊದಲು ಈ ಸುತ್ತು ಎಣಿಸಬೇಕು.

ನಿಮ್ಮ ಬ್ರೌಸರಿನಲ್ಲೇ ಇದನ್ನು ನೋಡಬಹುದು. ಕ್ರೋಮ್‌ನಲ್ಲಿ F12 ಒತ್ತಿ, `Network` ತೆರೆದು, ಪುಟವನ್ನು ಮತ್ತೆ ತರಿಸಿ, ಮೊದಲ ಸಾಲಿನ `Timing` ನೋಡಿ. `DNS Lookup` ಎರಡನೇ ಹಂತ. `Initial connection` ಮತ್ತು ಅದರೊಳಗಿನ `SSL` ಪರಿಚಯ ಮತ್ತು ಬೀಗ. `Waiting for server response` ಒಂದು ಸುತ್ತು ಮತ್ತು ಸರ್ವರ್ ಯೋಚಿಸಿದ ಸಮಯ. `Content Download` ಉಳಿದ ಸುತ್ತುಗಳು. ಹೊಸ ಸಂಪರ್ಕ ಇಲ್ಲದಿದ್ದರೆ ಮೊದಲ ಎರಡು ಕಾಣುವುದಿಲ್ಲ, ಅದು ತಪ್ಪಲ್ಲ.

`DNS Lookup` ಮಾತ್ರ ದೊಡ್ಡದಿದ್ದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ, ರೂಟರಿನಲ್ಲಿ ಬೇರೆ ಡಿಎನ್‌ಎಸ್ ಹಾಕಿ ನೋಡಿ. `Initial connection` ಪಿಂಗ್ ಸಮಯದ ಎರಡರಷ್ಟಕ್ಕಿಂತ ತುಂಬ ಜಾಸ್ತಿ ಇದ್ದರೆ ಆರನೇ ಹಂತದ ಕಪ್ಪು ಪಟ್ಟಿಗಳನ್ನು ಹುಡುಕಿ. `SSL` ಶುರುವಾಗಿ ಮುಗಿಯದೇ ನಿಂತಿದ್ದರೆ ಐದನೇ ಹಂತ. `Waiting` ಒಂದೇ ದೊಡ್ಡದಿದ್ದರೆ ದಾರಿ ಸರಿ ಇದೆ, ಆ ಕಡೆಯ ಸರ್ವರ್ ನಿಧಾನ.

ಕಂಪನಿಗೆ ದೂರು ಕೊಡುವುದಾದರೆ "ನೆಟ್ ಸ್ಲೋ ಇದೆ" ಎಂದು ಬರೆಯಬೇಡಿ. ಲ್ಯಾನ್ ಕೇಬಲ್ ಹಾಕಿ ತೆಗೆದ `tracert` ಪಟ್ಟಿ ಎರಡು ಇಡಿ. ಒಂದು ಬೆಳಿಗ್ಗೆಯದು, ಒಂದು ತೊಂದರೆ ಇರುವ ಹೊತ್ತಿನದು, ಎರಡಕ್ಕೂ ಗಂಟೆ ಬರೆಯಿರಿ. ಜೊತೆಗೆ 1472 ಮತ್ತು 1464ರ ಪಿಂಗ್ ಉತ್ತರ ಇಡಿ. ಚಿಕ್ಕಮ್ಮನ ಮೂರನೇ ದೂರಿಗೆ ನಾನು ಇಷ್ಟನ್ನೇ ಲಗತ್ತಿಸಿದ್ದೆ. ಮಾರನೇ ದಿನ ಫೋನ್ ಮಾಡಿದವರು "ರೂಟರ್ ಆಫ್ ಮಾಡಿ ಆನ್ ಮಾಡಿ" ಎನ್ನಲಿಲ್ಲ. "ನಿಮ್ಮ ಎಂಟಿಯು ಎಷ್ಟಿದೆ ಮೇಡಂ?" ಎಂದು ಕೇಳಿದರಂತೆ.